ಪದಚರ್ಚೆ: ‘ಶಾರ್ಟ್ ವರ್ಕಿಂಗ್ಸ್’ಗೆ ಕರಾರುಪತ್ರದಲ್ಲಿ ಏನು ಬರೆಯಲಿ?

ಅನುವಾದಕಿ, ಬಾಗಲಕೋಟೆ:
ಎಲ್ಲರಿಗೂ ನಮಸ್ಕಾರ. ಇಳಕಲ್ ಕಡೆಯ ಪಟ್ಟಾ ಜಮೀನಿನ ಗ್ರಾನೈಟ್ ಕ್ವಾರಿ. ಮಾಲೀಕರು ಮತ್ತು ಗುತ್ತಿಗೆದಾರರ ನಡುವಿನ ಇಂಗ್ಲಿಷ್ ಕರಾರನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. ಮಾಲೀಕರಿಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡದ ಪ್ರತಿ ಓದಿಯೇ ಸಹಿ ಹಾಕುತ್ತಾರೆ. ಘನ ಮೀಟರಿಗೆ 500 ರೂಪಾಯಿ ರಾಯಲ್ಟಿ, ವರ್ಷಕ್ಕೆ ಕನಿಷ್ಠ ಬಾಡಿಗೆ 3 ಲಕ್ಷ. ‘ಆಯಾ ವರ್ಷದ ಶಾರ್ಟ್ ವರ್ಕಿಂಗ್ಸನ್ನು ಅದರ ಮುಂದಿನ 2 ವರ್ಷಗಳಲ್ಲಿ ರಿಕೂಪ್ ಮಾಡಿಕೊಳ್ಳಬಹುದು’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ‘ರಾಯಲ್ಟಿ ಬಾಕಿ’ ಅಂದರೆ ಸಾಕಾ?

ನಿವೃತ್ತ ಕನ್ನಡ ಉಪನ್ಯಾಸಕರು, ಧಾರವಾಡ:
‘ಕೊರತೆ’ ಇದೆಯಲ್ಲ. ಹಳಗನ್ನಡದಲ್ಲಿ ಶಕಟರೇಫ ಇದ್ದ ಪದ, ನಮ್ಮದೇ ಬೇರು. ‘ಬಾಕಿ’ ಅರಬಿ, ಬೇಡ. ‘ರಾಯಲ್ಟಿ’ಯೂ ಬೇಡ, ‘ರಾಜಧನ’ ಎನ್ನಿ.

ಕ್ವಾರಿ ಮಾಲೀಕರು, ಬಾದಾಮಿ:
ಅಕ್ಕಾರೆ, ನನ್ನದು ಸರ್ಕಾರಿ ಜಾಗದ ಕ್ವಾರಿ. ನಮಗೆ ಕಲ್ಲು ಬರಲಿ ಬಿಡಲಿ ಕಟ್ಟಲೇಬೇಕಾದ ಡೆಡ್ ರೆಂಟ್ ಮತ್ತು ರಾಜಧನ, ಎರಡರಲ್ಲಿ ಯಾವುದು ಹೆಚ್ಚೋ ಅದು. ಕಲ್ಲು ಕಡಿಮೆ ಬಂದ ವರ್ಷ ಡೆಡ್ ರೆಂಟ್ ಕಟ್ಟಿದೆ, ಮುಂದಿನ ವರ್ಷ ಒಂದು ಪೈಸೆ ಮುರಿದುಕೊಳ್ಳಲು ಬಿಡಲಿಲ್ಲ. ಆ ಸಾಲನ್ನೇ ತೆಗೆಸಿಬಿಡಿ.

ಲೆಕ್ಕಪರಿಶೋಧಕರು, ವಿಜಯಪುರ:
ಬಾದಾಮಿಯವರು ಹೇಳಿದ್ದು ಸರ್ಕಾರಿ ಲೀಸ್. ಅಲ್ಲಿ ಹೋದದ್ದು ಹೋಯಿತು. ಇದು ಖಾಸಗಿ ಕರಾರು, ಇಬ್ಬರೂ ಒಪ್ಪಿದರೆ ರಿಕೂಪ್, ಅಂದರೆ ಮುಂದಿನ ವರ್ಷಗಳ ರಾಯಲ್ಟಿಯಲ್ಲಿ ಮುರಿದುಕೊಳ್ಳುವ ಹಕ್ಕು ಇರುತ್ತದೆ. ‘ರಾಜಧನ’ವೂ ಇಲ್ಲಿ ಸಲ್ಲದು. ಅದು ಸರ್ಕಾರಕ್ಕೆ ಬೇರೆ ಕಟ್ಟುವಂಥದ್ದು. ಎರಡಕ್ಕೂ ಒಂದೇ ಹೆಸರಿಟ್ಟರೆ ಜಗಳ ಖಂಡಿತ.

‘ಬಾಕಿ’ ಅಂತೂ ಪೂರಾ ಉಲ್ಟಾ ಅರ್ಥ. ಮೊದಲ ವರ್ಷ 300 ಘನ ಮೀಟರ್ ಕಲ್ಲು ಬಂತು ಅನ್ನಿ. ಶುರುವಿನಲ್ಲಿ ಮೇಲ್ಮಣ್ಣು, ಒಡಕು ಕಲ್ಲು ತೆಗೆಯುವುದೇ ಕೆಲಸ, ಹಾಗಾಗಿ ಅಷ್ಟೇ ಬರುವುದು ಸಹಜ. ರಾಯಲ್ಟಿ 1.5 ಲಕ್ಷ, ಕೊಟ್ಟದ್ದು 3 ಲಕ್ಷ. ಆ ವ್ಯತ್ಯಾಸದ 1.5 ಲಕ್ಷವೇ ಶಾರ್ಟ್ ವರ್ಕಿಂಗ್ಸ್. ಗುತ್ತಿಗೆದಾರ ಅದನ್ನು ಆಗಲೇ ಕೊಟ್ಟಾಗಿದೆ! ‘ಬಾಕಿ’ ಎಂದು ಓದಿದ ಮಾಲೀಕರು ತಮಗೇ ಇನ್ನೂ ಬರಬೇಕು ಅಂದುಕೊಳ್ಳುತ್ತಾರೆ.

ಅನುವಾದಕಿ:
ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ‘3 ವರ್ಷದೊಳಗೆ ಮುರಿದುಕೊಳ್ಳಬಹುದು’ ಎಂದು ಸರಳವಾಗಿ ಬರೆಯಲಾ? ಆ ವರ್ಷ ಒಂದು, ಮುಂದಿನವು ಎರಡು.

ಲೆಕ್ಕಪರಿಶೋಧಕರು:
ಬೇಡ. ‘ಆಯಾ ವರ್ಷದ’ ಎಂಬ ಪದವೇ ಈ ಸಾಲಿನ ಪ್ರಾಣ. ಎರಡನೇ ವರ್ಷ ರಾಯಲ್ಟಿ 2.5 ಲಕ್ಷ, ಅಂದರೆ ಮತ್ತೆ 50 ಸಾವಿರ ಹೆಚ್ಚು ಕೊಟ್ಟಂತಾಯಿತು. ಮೂರನೇ ವರ್ಷ 4 ಲಕ್ಷ, ನಾಲ್ಕನೇ ವರ್ಷ 4.5 ಲಕ್ಷ ಎಂದು ಇಟ್ಟುಕೊಳ್ಳಿ.

ಮೂರನೇ ವರ್ಷ ಕನಿಷ್ಠ ಬಾಡಿಗೆಗಿಂತ 1 ಲಕ್ಷ ಜಾಸ್ತಿ ಇದೆ. ಅಷ್ಟನ್ನು ಮೊದಲ ವರ್ಷದ 1.5 ಲಕ್ಷದ ಲೆಕ್ಕದಲ್ಲಿ ಮುರಿದುಕೊಂಡು 3 ಲಕ್ಷ ಕೊಡುತ್ತಾರೆ. ಹಳೆಯದು ಮೊದಲು ತೀರಬೇಕು. ಮೊದಲ ವರ್ಷದ್ದರಲ್ಲಿ ಉಳಿದ 50 ಸಾವಿರಕ್ಕೆ ಅವಧಿ ಮುಗಿಯಿತು, ಗುತ್ತಿಗೆದಾರ ಅದನ್ನು ನಷ್ಟಕ್ಕೆ ಬರೆಯಬೇಕು. ಎರಡನೇ ವರ್ಷದ 50 ಸಾವಿರ ಮಾತ್ರ ಜೀವಂತ. ನಾಲ್ಕನೇ ವರ್ಷ ಅದನ್ನು ಮುರಿದುಕೊಂಡು 4 ಲಕ್ಷ ಕೊಡುತ್ತಾರೆ.

ನೀವು ಬರೆಯಹೊರಟ ‘3 ವರ್ಷ’ವನ್ನು ಗುತ್ತಿಗೆಯ ಮೊದಲ ಮೂರು ವರ್ಷ ಎಂದು ಓದಿದರೆ ಎರಡೂ ಮೂರನೇ ವರ್ಷಕ್ಕೇ ಸತ್ತವು. ನಾಲ್ಕನೇ ವರ್ಷ ಪೂರ್ತಿ 4.5 ಲಕ್ಷ ಕೊಡಬೇಕು. ಎರಡೂ ರೀತಿಯ ಕರಾರುಗಳು ಇರುತ್ತವೆ, ನಿಮ್ಮದು ಮೊದಲಿನ ರೀತಿಯದು.

ಪತ್ರಿಕೆಯ ಉಪಸಂಪಾದಕರು, ಬೆಳಗಾವಿ:
ಹಾಗಾದರೆ ‘ಖೋತಾ’ ಯಾಕಾಗಬಾರದು? ಬಜೆಟ್ ಸುದ್ದಿಯಲ್ಲಿ ಎಲ್ಲರೂ ಓದಿದ ಪದ. ರಿಕೂಪ್‌ಗೆ ‘ವಜಾ ಮಾಡಿಕೊಳ್ಳು’.

ನಿವೃತ್ತ ಉಪನ್ಯಾಸಕರು:
ಖೋತಾ, ವಜಾ, ಬಾಕಿ! ಕನ್ನಡದ ಕರಾರಿಗೆ ಕನ್ನಡ ಬೇಡವೇ? ‘ಕೊರತೆ’ ಒಂದೇ ಸರಿ.

ಉಪಸಂಪಾದಕರು:
ಜಮಾ, ಖರ್ಚು, ರಸೀದಿ ಇಲ್ಲದೆ ಇಲ್ಲಿಯ ಒಂದು ಅಂಗಡಿಯೂ ನಡೆಯುವುದಿಲ್ಲ ಗುರುಗಳೇ. ನೂರಾರು ವರ್ಷದಿಂದ ನಮ್ಮ ಬಾಯಲ್ಲಿರುವ ಮಾತನ್ನು ಹೊರಗಿನದು ಅನ್ನಬೇಡಿ.

ಲೆಕ್ಕಪರಿಶೋಧಕರು:
ಮೂಲ ಯಾವುದಾದರೂ ಇರಲಿ. ‘ಕೊರತೆ’ಯೂ ‘ಖೋತಾ’ವೂ ಯಾರ ಕೊರತೆ ಎಂದು ಹೇಳುವುದಿಲ್ಲ. ಕೊಟ್ಟವನ ಕಡೆಯಿಂದ ಹೆಸರಿಡಿ.

ಅನುವಾದಕಿ:
‘ರಾಯಲ್ಟಿಗಿಂತ ಹೆಚ್ಚಾಗಿ ಕೊಟ್ಟ ಹಣ (ಮುಂದೆ ‘ಹೆಚ್ಚು ಸಂದಾಯ’)’ ಎಂದು ಒಮ್ಮೆ ಬಿಡಿಸಿ ಬರೆಯುತ್ತೇನೆ. ಆಮೇಲೆ ‘ಆಯಾ ವರ್ಷದ ಹೆಚ್ಚು ಸಂದಾಯವನ್ನು ಅದರ ಮುಂದಿನ ಎರಡು ವರ್ಷಗಳಲ್ಲಿ, ರಾಯಲ್ಟಿಯು ಕನಿಷ್ಠ ಬಾಡಿಗೆಯನ್ನು ಮೀರಿದಷ್ಟರಲ್ಲಿ ಮಾತ್ರ ಮುರಿದುಕೊಳ್ಳಬಹುದು’.

ನಿವೃತ್ತ ಉಪನ್ಯಾಸಕರು:
ಉದ್ದವಾಯಿತು. ನನಗೆ ಒಪ್ಪಿಗೆಯಿಲ್ಲ.

ಲೆಕ್ಕಪರಿಶೋಧಕರು:
ಉದ್ದ ಇರಲಿ, ‘ಮೀರಿದಷ್ಟರಲ್ಲಿ ಮಾತ್ರ’ ಬಿಡಬೇಡಿ. ಅದಿಲ್ಲದಿದ್ದರೆ ಮಾಲೀಕರ 3 ಲಕ್ಷಕ್ಕೂ ಕೈ ಹಾಕುತ್ತಾರೆ. ಕಾರ್ಮಿಕರ ಮುಷ್ಕರದಿಂದ ಕ್ವಾರಿ ನಿಂತರೆ ಆ ವರ್ಷದ ಕನಿಷ್ಠ ಬಾಡಿಗೆ ಇಳಿಯುತ್ತದೆಯೇ ಎಂದು ಇಂಗ್ಲಿಷ್ ಪ್ರತಿಯಲ್ಲಿ ಇದೆಯಾ?

ಅನುವಾದಕಿ:
ಹುಡುಕಿದೆ, ಎಲ್ಲೂ ಇಲ್ಲ. ಸೇರಿಸುವುದು ನನ್ನ ಕೆಲಸ ಅಲ್ಲ, ಅಲ್ವಾ? ವಕೀಲರಿಗೆ ಕೇಳಿ ಕಳಿಸಿದ್ದೇನೆ.