ಟ್ರೈಗ್ಲಿಸರೈಡ್ ಮಾತ್ರ ಯಾಕೆ ಇಷ್ಟು ಜಾಸ್ತಿ ಬರ್ತಿದೆ? ಮಿಲಿಗ್ರಾಂನಿಂದ ಮಿಲಿಮೋಲ್ ಲೆಕ್ಕ

ಬಸವನಗುಡಿ_ಶೀಟ್

ಅಮ್ಮನಿಗೆ 62 ವರ್ಷ. ಮುಂದಿನ ತಿಂಗಳು ಅಣ್ಣನ ಮನೆಗೆ ಲೀಡ್ಸ್‌ಗೆ ಹೋಗ್ತಿದ್ದಾರೆ. ಅಲ್ಲಿನ ಡಾಕ್ಟರಿಗೆ ಅರ್ಥವಾಗಲಿ ಅಂತ ಇಲ್ಲಿನ ರಕ್ತಪರೀಕ್ಷೆ ರಿಪೋರ್ಟನ್ನ ಅಲ್ಲಿನ ಯೂನಿಟ್‌ಗೆ ಬದಲಾಯಿಸಿ ಶೀಟ್ ಮಾಡ್ತಿದ್ದೀನಿ. ರಿಪೋರ್ಟಿನಲ್ಲಿ ಇರೋದೆಲ್ಲ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ: ಒಟ್ಟು ಕೊಲೆಸ್ಟ್ರಾಲ್ 212, ಎಚ್‌ಡಿಎಲ್ 46, ಎಲ್‌ಡಿಎಲ್ 128, ಟ್ರೈಗ್ಲಿಸರೈಡ್ 190, ಕ್ರಿಯಾಟಿನಿನ್ 0.9.

38.67ರಿಂದ ಭಾಗಿಸಬೇಕು ಅಂತ ಗೊತ್ತಿತ್ತು. ಮೊದಲ ಸಾಲಿನಲ್ಲಿ ಹಾಕಿ ಕೆಳಗಿನವರೆಗೂ ಎಳೆದೆ. ಕ್ರಮವಾಗಿ 5.48, 1.19, 3.31, 4.91 ಬಂತು. ಕ್ರಿಯಾಟಿನಿನ್ 0.023 ಬಂತು, ಆದರೆ ಫಾರ್ಮ್ ಕೇಳ್ತಿರೋದು `umol/L`. ಇನ್ನೊಂದು ವಿಚಿತ್ರ: ಎಲ್‌ಡಿಎಲ್ಲನ್ನ ಮಿಲಿಮೋಲ್‌ನಲ್ಲೇ ಸೂತ್ರ ಹಾಕಿ ತೆಗೆದರೆ 3.31ರ ಬದಲು 2.06 ಬರ್ತಿದೆ. ಎಲ್ಲಿ ತಪ್ಪಿದ್ದೀನಿ?

ವಿಜಯನಗರ_ಮೂರ್ತಿ

38.67 ಸರಿಯಾಗೇ ಇದೆ. ಟ್ರೈಗ್ಲಿಸರೈಡೂ ರಕ್ತದ ಕೊಬ್ಬೇ ತಾನೇ, ಅದೇ ಸಂಖ್ಯೆ ನಡೆಯುತ್ತೆ. ತಿಂಡಿ ತಿಂದು ರಕ್ತ ಕೊಟ್ಟಿರಬೇಕು, ಅದಕ್ಕೇ ಜಾಸ್ತಿ. ಕ್ರಿಯಾಟಿನಿನ್ ಮಾತ್ರ ಬೇರೆ, ಅದನ್ನ ನೂರರಿಂದ ಗುಣಿಸಿ 90 ಅಂತ ಬರೀರಿ.

ಬೆಂಚ್_ಮಲ್ಲೇಶ್ವರ

ಮೂರ್ತಿಯವರೇ, ಕ್ರಿಯಾಟಿನಿನ್ ಬೇರೆ ಅನ್ನೋದು ನಿಜ, ಅದನ್ನ ಭಾಗಿಸದೆ ಗುಣಿಸಬೇಕು ಅನ್ನೋದೂ ನಿಜ. ಉಳಿದದ್ದನ್ನ ಒಪ್ಪೋಕಾಗಲ್ಲ. ತಿಂಡಿ ತಿಂದಿದ್ದರೆ 190 ಅನ್ನೋದೇ ಏರಿರುತ್ತಿತ್ತು. ಇಲ್ಲಿ ಏರಿರೋದು ಯೂನಿಟ್ ಬದಲಾಯಿಸಿದ ಮೇಲೆ.

ಮಿಲಿಗ್ರಾಂ ಅಂದರೆ ತೂಕ, ಮಿಲಿಮೋಲ್ ಅಂದರೆ ಅಣುಗಳ ಎಣಿಕೆ. ತೂಕದಿಂದ ಎಣಿಕೆಗೆ ಹೋಗಬೇಕಾದರೆ ಒಂದೊಂದು ಅಣು ಎಷ್ಟು ಭಾರ ಅಂತ ಗೊತ್ತಿರಬೇಕು. ಡೆಸಿಲೀಟರನ್ನ ಲೀಟರ್ ಮಾಡೋಕೆ 10ರಿಂದ ಗುಣಿಸಿ, ಆಮೇಲೆ ಅಣುತೂಕದಿಂದ ಭಾಗಿಸಿ. ಇಷ್ಟೇ ಕೆಲಸ. ಕೊಲೆಸ್ಟ್ರಾಲ್ ಅಣುತೂಕ ಸುಮಾರು 386.7, ಅದರಿಂದ 38.67 ಬಂತು. ಎಚ್‌ಡಿಎಲ್, ಎಲ್‌ಡಿಎಲ್ ಅಂತ ರಿಪೋರ್ಟಿನಲ್ಲಿ ಬರೆಯೋದು ಆ ಕಣಗಳ ಒಳಗಿರೋ ಕೊಲೆಸ್ಟ್ರಾಲನ್ನೇ, ಹಾಗಾಗಿ ಮೂರಕ್ಕೂ ಅದೇ ಸಂಖ್ಯೆ. ಟ್ರೈಗ್ಲಿಸರೈಡ್ ಬೇರೆಯೇ ವಸ್ತು. ಅದರ ಅಣು ಎರಡು ಪಟ್ಟಿಗಿಂತ ಭಾರ, ಲೆಕ್ಕಕ್ಕೆ ಹಿಡಿಯೋ ಸರಾಸರಿ 885.7. ಸರಾಸರಿ ಯಾಕೆ ಅಂದರೆ, ಅದಕ್ಕೆ ಅಂಟಿಕೊಂಡ ಕೊಬ್ಬಿನಾಮ್ಲಗಳು ಒಂದೊಂದು ಅಣುವಿನಲ್ಲಿ ಒಂದೊಂದು ಥರ. ಹಾಗಾಗಿ 88.57ರಿಂದ ಭಾಗಿಸಬೇಕು: 190 ÷ 88.57 = 2.15. ನಿಮಗೆ ಬಂದ 4.91 ಸರಿಯಾದ ಉತ್ತರದ 2.29 ಪಟ್ಟು. ಟ್ರೈಗ್ಲಿಸರೈಡ್ ಈ ಪ್ರಮಾಣದಲ್ಲಿ ಉಬ್ಬಿ ಕಂಡರೆ ಕೊಲೆಸ್ಟ್ರಾಲ್ ಸಂಖ್ಯೆ ಅಲ್ಲಿಗೆ ನುಸುಳಿದೆ ಅಂತಲೇ ಅರ್ಥ.

ನಿಮ್ಮ ಎಲ್‌ಡಿಎಲ್ ಗೊಂದಲಕ್ಕೂ ಇದೇ ಕಾರಣ. ಮಿಲಿಗ್ರಾಂನಲ್ಲಿ ಟ್ರೈಗ್ಲಿಸರೈಡನ್ನ 5ರಿಂದ ಭಾಗಿಸಿ ಕಳೀತಾರೆ: 212 − 46 − 38 = 128. ಮಿಲಿಮೋಲ್‌ನಲ್ಲಿ 5ರ ಜಾಗಕ್ಕೆ 2.2 ಬರುತ್ತೆ: 5.48 − 1.19 − 0.98 = 3.31. ಎರಡು ದಾರಿಯಲ್ಲಿ ಹೋದರೂ ಒಂದೇ ಜಾಗ ಸೇರಬೇಕು. ನೀವು 4.91 ಹಾಕಿದ್ದರಿಂದ 0.98ರ ಬದಲು 2.23 ಕಳೆದುಹೋಗಿ 2.06 ಉಳೀತು. ಇದನ್ನ ಗಮನಿಸಿದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ತಪ್ಪು ಸಿಗ್ತಿರಲಿಲ್ಲ. ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್‌ಡಿಎಲ್ ಅನುಪಾತ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಎರಡಕ್ಕೂ ಒಂದೇ ಸಂಖ್ಯೆ ಇರೋದರಿಂದ, ನೀವು ಏನೇ ತಪ್ಪು ಸಂಖ್ಯೆಯಿಂದ ಭಾಗಿಸಿದರೂ ಆ ಅನುಪಾತ 4.6 ಅಂತಲೇ ತೋರಿಸುತ್ತೆ.

ಮೌಲ್ಯಗಳು B2ರಿಂದ ಇವೆ ಅಂದುಕೊಂಡರೆ:

```
C2  =B2/38.67
C3  =B3/38.67
C4  =B4/38.67
C5  =B5/88.57
C6  =B6*88.4
```

`CONVERT` ಫಂಕ್ಷನ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಯಾವ ವಸ್ತು ಅಂತ ಅದಕ್ಕೆ ಹೇಳೋ ದಾರಿಯೇ ಇಲ್ಲ.

ಕೆಂಗೇರಿ_ಕಮಲ

ನಂದು ಫಾಸ್ಟಿಂಗ್ 126 ಇತ್ತು. ನೀವು ಹೇಳಿದ 88.57ರಿಂದ ಭಾಗಿಸಿದೆ, 1.42 ಬಂತು. ನೆಟ್‌ನಲ್ಲಿ ನೋಡಿದರೆ ಇದು ಅಪಾಯಕಾರಿ ಲೋ ಅಂತಿದೆ. ತುಂಬಾ ಭಯ ಆಗ್ತಿದೆ.

ಬೆಂಚ್_ಮಲ್ಲೇಶ್ವರ

ಕಮಲಾ ಅವರೇ, ಲೋ ಅಲ್ಲ, ಆ ಭಯ ಬೇಡ. ನಿಮ್ಮದು ಶುಗರ್ ಅಂತ ಕಾಣುತ್ತೆ. ಗ್ಲೂಕೋಸ್ ಅಣುತೂಕ 180, ಅದನ್ನ 18ರಿಂದ ಭಾಗಿಸಬೇಕು. 7.0 ಬರುತ್ತೆ. ಆದರೆ ಫಾಸ್ಟಿಂಗ್ 126 ಅನ್ನೋದು ಡಯಾಬಿಟೀಸ್ ಗಡಿಯ ಮೇಲೇ ನಿಂತಿರೋ ಸಂಖ್ಯೆ, ಡಾಕ್ಟರಿಗೆ ತೋರಿಸಿ.

ವಿಜಯನಗರ_ಮೂರ್ತಿ

ಟ್ರೈಗ್ಲಿಸರೈಡ್ ವಿಷಯ ಒಪ್ಪಿದೆ. ಆದರೆ ಕ್ರಿಯಾಟಿನಿನ್‌ಗೆ 88.4 ಅಂದರೇನು, 100 ಅಂದರೇನು? ಅಂದಾಜಿಗೆ ಸಾಕಲ್ವಾ?

ಬೆಂಚ್_ಮಲ್ಲೇಶ್ವರ

ಸೊನ್ನೆ ತಪ್ಪಿದೆಯಾ ಅಂತ ಮನಸ್ಸಲ್ಲೇ ನೋಡಿಕೊಳ್ಳೋಕೆ ನೂರು ಸಾಕು. ಫಾರ್ಮಿನಲ್ಲಿ ಬರೆಯೋಕೆ ಸಾಲದು. ಕ್ರಿಯಾಟಿನಿನ್ ಸಂಖ್ಯೆಯನ್ನ ಯಾರೂ ಹಾಗೇ ಬಿಡಲ್ಲ, ಅದರಿಂದ ಕಿಡ್ನಿ ಸೋಸುವ ವೇಗ, ಅಂದರೆ ಇಜಿಎಫ್‌ಆರ್ ಲೆಕ್ಕ ಹಾಕ್ತಾರೆ. 0.9 × 88.4 = 79.56, ಅಂದರೆ 80. 62 ವರ್ಷದ ಹೆಂಗಸಿಗೆ 2021ರ ಸಿಕೆಡಿ-ಇಪಿಐ ಸೂತ್ರದಲ್ಲಿ ಇದಕ್ಕೆ ಸುಮಾರು 72 ಬರುತ್ತೆ. ನೀವು ಹೇಳಿದ 90 ಹಾಕಿದರೆ 62ಕ್ಕೆ ಇಳಿಯುತ್ತೆ. ಕಿಡ್ನಿ ದುರ್ಬಲ ಅಂತ ಅನುಮಾನ ಶುರುವಾಗೋ 60ರ ಗೆರೆ ಪಕ್ಕದಲ್ಲೇ ಇರುವಾಗ, ಬರೀ ಗುಣಾಕಾರದಿಂದ ಹತ್ತು ಅಂಕ ಕಳೆದುಕೊಳ್ಳೋದು ಸಣ್ಣ ವಿಷಯ ಅಲ್ಲ.

ಭಾಗಿಸೋದು ಹೋಗಿ ಗುಣಿಸೋದು ಯಾಕೆ ಬಂತು ಅಂದರೆ, ಇಲ್ಲಿ ಮಿಲಿ ಅಲ್ಲ, ಮೈಕ್ರೋ. 10 ÷ 113.12 ಮಾಡಿ, ಸಾವಿರದಿಂದ ಗುಣಿಸಿದರೆ 88.4.

ಶೀಟಿನಲ್ಲಿ 79.56 ಅಂತ ಬಿಡಬೇಡಿ. ಲ್ಯಾಬ್ ಕೊಟ್ಟಿದ್ದು ಒಂದೇ ದಶಮಾಂಶ. 0.9 ಅಂದರೆ 0.85ರಿಂದ 0.95ರ ನಡುವೆ ಏನೂ ಇರಬಹುದು, ಅಂದರೆ 75ರಿಂದ 84. ನಮ್ಮ ಹತ್ತಿರ ಇಲ್ಲದ ನಿಖರತೆಯನ್ನ ಗುಣಾಕಾರ ತಂದುಕೊಡಲ್ಲ.

ಬಸವನಗುಡಿ_ಶೀಟ್

ಐದೂ ಸಾಲು ಸರಿಹೋಯ್ತು: 5.48, 1.19, 3.31, 2.15, 80. ತುಂಬಾ ಥ್ಯಾಂಕ್ಸ್. ಈಗ ಇನ್ನೊಂದು ಪ್ರಶ್ನೆ. ಹೋದ ವರ್ಷ ಅಲ್ಲಿಗೆ ಹೋಗಿದ್ದಾಗ ಮಾಡಿಸಿದ್ದ ಹಳೇ ರಿಪೋರ್ಟ್ ಸಿಕ್ತು, ಅದರಲ್ಲಿ ಕ್ರಿಯಾಟಿನಿನ್ 88. ಅಂದರೆ ಈ ವರ್ಷ ಕಿಡ್ನಿ ಸುಧಾರಿಸಿದೆ ಅಂತಲಾ?

ವಿಜಯನಗರ_ಮೂರ್ತಿ

ರೌಂಡಿಂಗ್ ಇರಬೇಕು, ಈಗ ತಾನೇ ಹೇಳಿದರಲ್ಲ.

ಬೆಂಚ್_ಮಲ್ಲೇಶ್ವರ

ರೌಂಡಿಂಗ್ ಒಂದೇ ಆಗಿದ್ದರೆ 84ರ ಒಳಗೆ ಇರಬೇಕಿತ್ತು. 88 ಅದರ ಆಚೆ ಇದೆ. ಎರಡು ಲ್ಯಾಬ್‌ಗಳ ವಿಧಾನ ಬೇರೆ ಇರಬಹುದು. ಜಾಫೆ ವಿಧಾನದಲ್ಲಿ ಕ್ರಿಯಾಟಿನಿನ್ ಅಲ್ಲದ ವಸ್ತುಗಳೂ ಸ್ವಲ್ಪ ಬಣ್ಣ ಕೊಡುತ್ತವೆ, ಎನ್ಜೈಮ್ ವಿಧಾನದಲ್ಲಿ ಆ ತೊಂದರೆ ಕಡಿಮೆ. ಪರೀಕ್ಷೆಗೆ ಮುಂಚೆ ನೀರು ಕಡಿಮೆ ಕುಡಿದಿದ್ದರೂ, ಬೇಯಿಸಿದ ಮಾಂಸ ತಿಂದಿದ್ದರೂ ಸ್ವಲ್ಪ ಏರುತ್ತೆ. ಈ ಎರಡೇ ಸಂಖ್ಯೆ ಇಟ್ಟುಕೊಂಡು ಸುಧಾರಿಸಿದೆ ಅಂತ ನಾನು ಹೇಳಲಾರೆ. ಪರೀಕ್ಷೆಯ ಹೆಸರಿನ ಕೆಳಗೆ ವಿಧಾನ ಸಣ್ಣಕ್ಷರದಲ್ಲಿ ಇರುತ್ತೆ, ನೋಡಿ.

ಮೂಲ ಮಿಲಿಗ್ರಾಂ ಕಾಲಂ ಅಳಿಸಬೇಡಿ. ಪಕ್ಕದಲ್ಲೇ ಹೊಸದು, ಅದರ ಪಕ್ಕ ಬಳಸಿದ ಸಂಖ್ಯೆ ಬರೆದಿಡಿ. ಅಲ್ಲಿನ ಡಾಕ್ಟರಿಗೆ ಅನುಮಾನ ಬಂದರೆ ಅವರೇ ಮರುಲೆಕ್ಕ ಹಾಕಿ ನೋಡ್ತಾರೆ.

ಬಸವನಗುಡಿ_ಶೀಟ್

ಇಲ್ಲಿನ ರಿಪೋರ್ಟಿನಲ್ಲಿ ಜಾಫೆ ಅಂತಿದೆ. ಅಲ್ಲಿನದರಲ್ಲಿ ವಿಧಾನ ಬರೆದೇ ಇಲ್ಲ. ಅಣ್ಣನಿಗೆ ಹೇಳಿ ಆ ಲ್ಯಾಬಿನಲ್ಲಿ ವಿಚಾರಿಸ್ತೀನಿ. ಗೊತ್ತಾದರೆ ಇಲ್ಲೇ ಬರೀತೀನಿ.