ಪದಚರ್ಚೆ: ಸೂಪರ್ ಓವರ್ ನಿಯಮದಲ್ಲಿ 'ರಿಟೈರ್ಡ್'ಗೆ ಏನು ಬರೆಯೋಣ?

ಮಂಡ್ಯದವ: ನಮ್ಮ ಬಡಾವಣೆಯ ಟೆನಿಸ್ ಬಾಲ್ ಟೂರ್ನಿಯ ಫ್ಲೆಕ್ಸ್ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಐಸಿಸಿ ನಿಯಮ ನೋಡಿ ಹೀಗೆ ಬರೆದಿದ್ದೇನೆ: 'ಸೂಪರ್ ಓವರ್ ಕೂಡ ಟೈ ಆದರೆ ಇನ್ನೊಂದು ಸೂಪರ್ ಓವರ್. ಮೊದಲನೆಯದರಲ್ಲಿ ಔಟಾದವರು ಮತ್ತೆ ಬ್ಯಾಟ್ ಮಾಡುವಂತಿಲ್ಲ. ನಿವೃತ್ತರಾದವರು...' ಇಲ್ಲಿಗೆ ನಿಂತಿದೆ. ನಿವೃತ್ತ ಅಂದ್ರೆ ಪಿಂಚಣಿಯವರು ಅಂದ ಹಾಗಾಗುತ್ತೆ. ಬೇರೆ ಪದ ಕೊಡಿ.

ಸರಸ್ವತಿಪುರಂ: ಮೊದಲು 'ಸೂಪರ್ ಓವರ್' ತೆಗೆಯಿರಿ. 'ಆರೆಸೆತ' ಅನ್ನಿ. ಓವರ್ ಅನ್ನೋದು ಅಂಪೈರ್ ಮುಗೀತು ಅಂತ ಹಾಕುತ್ತಿದ್ದ ಕೂಗು, ಅಷ್ಟೇ. ಅದನ್ನು ನಾವ್ಯಾಕೆ ಹೊರಬೇಕು?

ಕುವೆಂಪುನಗರ: ಎರಡನೇ ಸೂಪರ್ ಓವರ್ ಎಲ್ಲಿಂದ ಬಂತು? ಟೈ ಆದ್ರೆ ಬೌಂಡರಿ ಎಣಿಸೋದು. 2019ರ ವಿಶ್ವಕಪ್ ಫೈನಲ್ ನೋಡಿಲ್ವಾ?

ಹಳೇ ಅಂಪೈರ್, ಮೈಸೂರು: ಅಲ್ಲಿ ಹಾಗಾಯ್ತು, ನಿಜ. ಅದೇ ವರ್ಷ ಐಸಿಸಿ ಆ ನಿಯಮ ಕಿತ್ತುಹಾಕಿತು. ಈಗ ಗೆಲ್ಲುವವರು ಸಿಗೋ ತನಕ ಆಡಿಸೋದೇ.

'ಆರೆಸೆತ' ನಡೆಯಲ್ಲ. ಎರಡು ವಿಕೆಟ್ ಬಿದ್ದರೆ ಇನಿಂಗ್ಸ್ ಮುಗಿದಂತೆ. 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಫ್ಘಾನಿಸ್ತಾನದ ಎರಡನೇ ಸೂಪರ್ ಓವರ್ ಮೂರೇ ಎಸೆತಕ್ಕೆ ಮುಗೀತು. ಅದನ್ನು 'ಮೂರೆಸೆತ' ಅಂತೀರಾ?

ಕೇಳಿದ ಪದಕ್ಕೂ ಆ ಪಂದ್ಯವೇ ಸಾಕ್ಷಿ. ಇಬ್ಬರೂ 212. ಮೊದಲ ಸೂಪರ್ ಓವರ್‌ನಲ್ಲಿ ಅಫ್ಘಾನಿಸ್ತಾನ 16 ಹೊಡೀತು. ಭಾರತಕ್ಕೆ ಕೊನೇ ಎಸೆತಕ್ಕೆ 2 ಬೇಕಿತ್ತು. ಬೌಲರ್ ತುದಿಯಲ್ಲಿದ್ದ ರೋಹಿತ್ ಶರ್ಮಾ ಹೊರನಡೆದರು, ಚುರುಕಾಗಿ ಓಡಲಿ ಅಂತ ರಿಂಕು ಸಿಂಗ್ ಬಂದರು. ಒಂದೇ ರನ್ ಬಂತು, ಮತ್ತೆ ಟೈ. ಎರಡನೇ ಸೂಪರ್ ಓವರ್‌ಗೆ ರೋಹಿತ್ ಮತ್ತೆ ಬ್ಯಾಟ್ ಹಿಡಿದರು! ಗಾಯವಾಗಿ ಹೊರಗೆ ಹೋದವರು ಮರಳಬಹುದು. ಸುಮ್ನೆ ಬಿಟ್ಟುಹೋದರೆ ಅದು ರಿಟೈರ್ಡ್ ಔಟ್. ಅವತ್ತಿನದು ಯಾವುದು ಅನ್ನೋ ವಾದ ಪಂದ್ಯ ಮುಗಿದ ಮೇಲೂ ನಡೀತು. ಹಾಗಾಗಿ ಒಂದೇ ಪದ ಹಾಕಬೇಡಿ. 'ಗಾಯಗೊಂಡು ಹೊರಬಂದವರು', 'ತಾವಾಗಿ ಬಿಟ್ಟುಬಂದವರು' ಅಂತ ಎರಡು ಮಾಡಿ.

ಪಾಂಡವಪುರ: ನಮ್ಮೂರಲ್ಲಿ ಟೈ ಆದಾಗ ಯಾರು ಮೊದಲು ಬ್ಯಾಟ್ ಮಾಡ್ಬೇಕು ಅಂತ ಮತ್ತೆ ಟಾಸ್ ಹಾಕಿದ್ರು. ಗೆದ್ದವರು ಬೌಲಿಂಗ್ ಅಂದ್ರು, ಸೋತವರು ಪಿಚ್ ಮೇಲೇ ಕೂತುಬಿಟ್ರು. ಟಾಸ್‌ಗೂ ಕನ್ನಡ ಪದ ಬೇಕು ನೋಡಿ.

ಹಳೇ ಅಂಪೈರ್: ಟಾಸೇ ಬೇಡ. ಪಂದ್ಯದಲ್ಲಿ ಎರಡನೆಯದಾಗಿ ಬ್ಯಾಟ್ ಮಾಡಿದವರು ಸೂಪರ್ ಓವರ್‌ನಲ್ಲಿ ಮೊದಲು. ಅದೂ ಟೈ ಆದರೆ ಸರದಿ ತಿರುಗುಮುರುಗು. ಹಿಂದಿನ ಸೂಪರ್ ಓವರ್ ಹಾಕಿದ ಬೌಲರ್ ಮುಂದಿನದನ್ನು ಹಾಕುವಂತಿಲ್ಲ. ಇದನ್ನೂ ಫ್ಲೆಕ್ಸಿಗೆ ಸೇರಿಸಿ, ಎಲ್ರೂ ಮರೆಯೋದು ಇದನ್ನೇ.

ಸರಸ್ವತಿಪುರಂ: ಬ್ಯಾಟ್, ಬೌಲರ್, ಪಿಚ್! ದಾಂಡಿಗ, ಎಸೆಗಾರ ಅನ್ನೋಕೆ ನಾಲಿಗೆ ಹೊರಳಲ್ವಾ?

ಕುವೆಂಪುನಗರ: ದಾಂಡು ಸಂಸ್ಕೃತದ ದಂಡ. 'ಗಾರ' ಸಂಸ್ಕೃತದ ಕಾರ. ಅಲ್ಲಿಂದ ತಂದರೆ ಅಚ್ಚಗನ್ನಡ, ಇಂಗ್ಲಿಷಿಂದ ತಂದರೆ ಮೈಲಿಗೆ. ಚೆನ್ನಾಗಿದೆ.

ಸರಸ್ವತಿಪುರಂ: ತದ್ಭವಕ್ಕೂ ಎರವಲಿಗೂ ವ್ಯತ್ಯಾಸ ತಿಳಿಯದವರ ಜೊತೆ ಮಾತಿಲ್ಲ.

ಮಂಡ್ಯದವ: 'ಗಾಯವಿಲ್ಲದೆ ತಾವಾಗಿ ಬಿಟ್ಟುಬಂದವರನ್ನು ಔಟ್ ಎಂದೇ ಎಣಿಸಲಾಗುವುದು' ಅಂತ ಹಾಕ್ತಿದ್ದೀನಿ. ಆದ್ರೆ ಕಾಲು ಹಿಡ್ಕೊಂಡಿದೆ ಅಂತ ಕುಂಟಿಕೊಂಡು ಬಂದವನನ್ನ ಯಾವುದಕ್ಕೆ ಸೇರಿಸೋದು?

ಹಳೇ ಅಂಪೈರ್: ಅದನ್ನ ಫ್ಲೆಕ್ಸ್ ಹೇಳಲ್ಲ. ಅವತ್ತು ನಿಂತಿರೋ ಅಂಪೈರ್ ಹೇಳ್ಬೇಕು.