ಹೆಸ್ರೇ ಇಲ್ದಿರೋ ಹೆಡ್‌ಕೌಂಟ್ ರಿಪೋರ್ಟಿಂದ ಸಂಬಳ ಲೀಕ್ ಆಗ್ತಿದೆ, ಹೇಗೆ?

ಮಾರತ್ತಳ್ಳಿ ಎಚ್‌ಆರ್: ನಮ್ದು ಇನ್ನೂರ ಚಿಲ್ರೆ ಜನ ಇರೋ ಕಂಪನಿ. ಪ್ರತಿ ತಿಂಗ್ಳೂ ಎಚ್‌ಆರ್ ಸಿಸ್ಟಮ್ಮಿಂದ ಹೆಡ್‌ಕೌಂಟು, ಅಟ್ರಿಶನ್ನು, ಡಿಪಾರ್ಟ್‌ಮೆಂಟ್ ವಾರು ಸಂಬಳದ ಮೊತ್ತ ತೆಗ್ದು ಎಲ್ಲಾ ಮ್ಯಾನೇಜರ್‌ಗಳಿಗೂ ಎಕ್ಸೆಲ್‌ನಲ್ಲಿ ಕಳಿಸ್ತೀನಿ. ಯಾರ ಹೆಸ್ರೂ ಹಾಕಲ್ಲ. ಆದ್ರೂ ಜುಲೈನಲ್ಲಿ ಬಿಟ್ಟು ಹೋದ ಟೆಸ್ಟಿಂಗ್ ಹುಡುಗನ ಸಂಬಳ ಕರೆಕ್ಟಾಗಿ ಕ್ಯಾಂಟೀನಲ್ಲಿ ಓಡಾಡ್ತಿದೆ. ಟೆಸ್ಟಿಂಗಲ್ಲಿ ಜೂನಲ್ಲಿ 6 ಜನ, ಮೊತ್ತ 5,40,000. ಜುಲೈಗೆ 5 ಜನ, 4,45,000. ಎಲ್ಲಿ ಸೋರ್ತಿದೆ ಅಂತ ಯಾರಾದ್ರೂ ಹೇಳ್ತೀರಾ?

ರಾಜಾಜಿನಗರ ಎಕ್ಸೆಲ್: ಮೇಡಂ ಮೊತ್ತ ಕೊಟ್ರೆ ಹಾಗೇ ಆಗೋದು. ಮೊತ್ತ ತೆಗ್ದು ಸರಾಸರಿ ಹಾಕಿ, ಮುಗೀತು. ಸರಾಸರಿಲಿ ಒಬ್ರ ಸಂಬಳ ಯಾರಿಗೂ ಗೊತ್ತಾಗಲ್ಲ.

ಪೇರೋಲ್ ಮೇಷ್ಟ್ರು: ಮೊತ್ತ ಕಾರಣ ಅನ್ನೋದು ಸರಿ ಗುರು, ಆದ್ರೆ ಔಷಧಿ ಕೆಲ್ಸ ಮಾಡಲ್ಲ. ಜೂನ್ ಸರಾಸರಿ 90,000 ಅಂತ ಹಾಕ್ತೀರಿ, ಪಕ್ಕದ ಕಾಲಮ್ಮಲ್ಲೇ 6 ಅಂತ ಇದೆ, ಗುಣಿಸಿದ್ರೆ 5,40,000. ಜುಲೈ 89,000 ಇಂಟು 5, 4,45,000. ಕಳೆದ್ರೆ 95,000 ಹುಡುಗನ ಕೈಮೇಲೆ ಬಂದು ಕೂರತ್ತೆ. ಹತ್ತು ಸಾವಿರಕ್ಕೆ ರೌಂಡ್ ಮಾಡಿದ್ರೂ 5.4 ಲಕ್ಷ, 4.5 ಲಕ್ಷ, ಅಂದ್ರೆ 90 ಸಾವಿರದ ಸುತ್ತಮುತ್ತ ಅಂತ ಗೊತ್ತಾಗೇ ಗೊತ್ತಾಗತ್ತೆ, ಕ್ಯಾಂಟೀನಿಗೆ ಅಷ್ಟು ಸಾಕು. ಯಾವ್ದಾದ್ರೂ ಒಂದು ತಿಂಗಳ ರಿಪೋರ್ಟ್ ಮಾತ್ರ ನೋಡಿದ್ರೆ ತಪ್ಪೇ ಕಾಣ್ಸಲ್ಲ, ಎರಡು ತಿಂಗಳದ್ದು ಪಕ್ಕಪಕ್ಕ ಇಟ್ಟಾಗ ಸೋರತ್ತೆ. ಯಾರೂ ಹೋಗ್ದೆ ಒಬ್ರು ಮಾತ್ರ ಸೇರಿದ್ರೂ ಇದೇ ಕಥೆ, ಹೊಸಬರ ಸಂಬಳ ಹೊರಗೆ.

ಮಾರತ್ತಳ್ಳಿ ಎಚ್‌ಆರ್: ಅಯ್ಯೋ ಹೌದಲ್ಲ. ಹಾಗಾದ್ರೆ ಟೆಸ್ಟಿಂಗ್ ಥರ ಚಿಕ್ಕ ಟೀಮ್‌ಗಳ ಸಂಬಳದ ಸಾಲಲ್ಲಿ ಬರೀ ಸ್ಟಾರ್ ಹಾಕಿದ್ರೆ ಸಾಕಾ?

ಪೇರೋಲ್ ಮೇಷ್ಟ್ರು: ಒಂದೇ ಟೀಮಿಗೆ ಸ್ಟಾರ್ ಹಾಕಿ ಕೆಳಗೆ ಒಟ್ಟು ಮೊತ್ತ ಬಿಟ್ರೆ, ಒಟ್ಟರಿಂದ ಬೇರೆ ಟೀಮ್‌ಗಳನ್ನ ಕಳೆದು ಸ್ಟಾರ್ ಕೆಳಗಿರೋದನ್ನ ಯಾರು ಬೇಕಾದ್ರೂ ತೆಗೀಬಹುದು. ಕಮ್ಮಿ ಅಂದ್ರೆ ಎರಡು ಸಾಲು ಮುಚ್ಚಬೇಕು. ಇಲ್ಲಾಂದ್ರೆ ಟೆಸ್ಟಿಂಗ್, ಅಡ್ಮಿನ್, ಲೀಗಲ್ ಎಲ್ಲಾ ಸೇರ್ಸಿ "ಇತರೆ" ಅಂತ ಒಂದೇ ಸಾಲು ಮಾಡಿ. ಅದೂ ಒಬ್ಬರೇ ಹೋದ ತಿಂಗಳು ಸೋರತ್ತೆ, ಗುಂಪು ದೊಡ್ಡದಾದ್ರೂ ಕಳೆಯೋ ಲೆಕ್ಕ ಬದಲಾಗಲ್ಲ ನೋಡಿ.

ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ ಮ್ಯಾನೇಜರ್‌ಗಳಿಗೆ ಹೋಗೋ ತಿಂಗಳ ರಿಪೋರ್ಟಲ್ಲಿ ಸಂಬಳದ ಕಾಲಮ್ಮೇ ಬೇಡ. ಹೆಡ್‌ಕೌಂಟು, ಸೇರಿದವ್ರು, ಹೋದವ್ರು, ಅಟ್ರಿಶನ್ನು ಅಷ್ಟೇ. ಸಂಬಳದ ಖರ್ಚು ಬೇಕಂದ್ರೆ ಮೂರು ತಿಂಗಳಿಗೊಮ್ಮೆ, ದೊಡ್ಡ ಗುಂಪುಗಳಿಗೆ ಮಾತ್ರ, ಕಳಿಸೋ ಮುಂಚೆ ಹಿಂದಿನ ರಿಪೋರ್ಟ್ ಪಕ್ಕಕ್ಕಿಟ್ಟು ನೀವೇ ಕಳೆದು ನೋಡಿ. ವ್ಯತ್ಯಾಸ ಒಬ್ರಿಬ್ರ ಮೇಲೆ ಬಂದು ನಿಂತ್ರೆ ಆ ಸಾಲು ಕಳಿಸ್ಬೇಡಿ.

ನೋಟಿಸ್ ಪೀರಿಯಡ್: ಸರ್ ಇಲ್ಲೇ ಕೇಳ್ಬಿಡ್ತೀನಿ, ನಾನು ರಿಸೈನ್ ಮಾಡಿ ಎರಡು ತಿಂಗಳಾಯ್ತು, ಇನ್ನೂ ರಿಲೀವಿಂಗ್ ಲೆಟರ್ ಕೊಟ್ಟಿಲ್ಲ, ನನ್ನ ಸಂಬಳನೂ ಹೀಗೆ ಎಲ್ರಿಗೂ ತೋರಿಸಿರ್ತಾರಾ?

ಪೇರೋಲ್ ಮೇಷ್ಟ್ರು: ಲೆಟರ್ ವಿಷ್ಯಕ್ಕೆ ಬೇರೆ ಪೋಸ್ಟ್ ಹಾಕಪ್ಪ. ಆದ್ರೆ ನಿನ್ ಮಾತಿಂದ ಒಂದು ನೆನಪಾಯ್ತು. ಮೇಡಂ, ನೀವು "ಹೋದವ್ರು" ಅಂತ ಎಣಿಸೋದು ರಿಸೈನ್ ಮಾಡಿದ ತಾರೀಕಿಂದಲೋ, ಕೊನೆ ಕೆಲಸದ ದಿನದಿಂದಲೋ?

ಮಾರತ್ತಳ್ಳಿ ಎಚ್‌ಆರ್: ಅಟ್ರಿಶನ್ನಿಗೆ ರಿಸೈನ್ ತಾರೀಕು, ಹೆಡ್‌ಕೌಂಟಿಗೆ ಕೊನೆ ದಿನ. ಅದಕ್ಕೇ ಇರ್ಬೇಕು ತಿಂಗಳ ಕೊನೆ ಲೆಕ್ಕ ಯಾವತ್ತೂ ಟ್ಯಾಲಿ ಆಗ್ದೇ ಒದ್ದಾಡ್ತೀನಿ.

ಪೇರೋಲ್ ಮೇಷ್ಟ್ರು: ಅದೇ. ಎರಡಕ್ಕೂ ಕೊನೆ ಕೆಲಸದ ದಿನವೇ ಇರ್ಲಿ. ನೋಟಿಸ್‌ನಲ್ಲಿ ಇರೋನು ಇನ್ನೂ ಕೆಲ್ಸದಲ್ಲೇ ಇದ್ದಾನೆ, ಬೇಕಿದ್ರೆ ಅವ್ರನ್ನ ಬೇರೆ ಸಾಲಲ್ಲಿ ತೋರ್ಸಿ. ಜುಲೈ ಶುರುವಲ್ಲಿ 212 ಇದ್ರು, 6 ಸೇರಿದ್ರು, 4 ಹೋದ್ರು ಅಂತಿಟ್ಕೊಳ್ಳಿ, ಕೊನೆಗೆ 214 ಬರ್ಲೇಬೇಕು. ಸರಾಸರಿ ಹೆಡ್‌ಕೌಂಟ್ 213, ನಾಲ್ಕನ್ನ ಅದ್ರಿಂದ ಭಾಗಿಸಿದ್ರೆ ಜುಲೈ ಅಟ್ರಿಶನ್ 1.88 ಪರ್ಸೆಂಟ್. ಇದನ್ನ 12ರಿಂದ ಗುಣಿಸಿ ವರ್ಷಕ್ಕೆ 22.5 ಅಂತ ಸ್ಲೈಡಲ್ಲಿ ಹಾಕೋರಿದ್ದಾರೆ, ಒಂದು ತಿಂಗಳ ನಾಲ್ಕು ಜನದ ಮೇಲೆ ಇಡೀ ವರ್ಷದ ಕಥೆ ಹೇಳೋದು ನಂಗಂತೂ ಇಷ್ಟ ಆಗಲ್ಲ. ಹಿಂದಿನ 12 ತಿಂಗಳಲ್ಲಿ ನಿಜವಾಗ್ಲೂ ಹೋದವ್ರನ್ನ ತಗೊಳ್ಳಿ.

ಕ್ವೆರಿ ಬರೆಯೋರಿದ್ರೆ ಸಂಬಳ ಇರೋ ಟೇಬಲ್ಲನ್ನೇ ರಿಪೋರ್ಟ್ ಲಾಗಿನ್‌ಗೆ ಕೊಡ್ಬೇಡಿ ಅನ್ನಿ. ಸಂಬಳ ಇಲ್ದಿರೋ ಒಂದು ವ್ಯೂ ಮಾಡಿ ಅದಕ್ಕೆ ಮಾತ್ರ ಪರ್ಮಿಶನ್ ಕೊಡ್ಲಿ. `doj` ಅಂದ್ರೆ ಸೇರಿದ ದಿನ, `lwd` ಅಂದ್ರೆ ಕೊನೆ ಕೆಲಸದ ದಿನ:

```sql
CREATE VIEW hr_monthly AS
SELECT emp_id, dept, doj, lwd FROM employees;
GRANT SELECT ON hr_monthly TO report_user;

SELECT dept, COUNT(*) FROM hr_monthly
WHERE doj <= DATE '2025-07-31'
  AND (lwd IS NULL OR lwd > DATE '2025-07-31')
GROUP BY dept;
```

ಆ `lwd >` ನೋಡಿ, ಅಲ್ಲಿ `>=` ಹಾಕಿದ್ರೆ 31ನೇ ತಾರೀಕು ಕೊನೆ ದಿನ ಇದ್ದೋನು ಹೋದವ್ರಲ್ಲೂ ಬರ್ತಾನೆ, ಇರೋರಲ್ಲೂ ಬರ್ತಾನೆ. 214ರ ಬದ್ಲು 215 ಬಂದ್ರೆ ಮೊದ್ಲು ಅಲ್ಲೇ ಹುಡುಕಿ. `dept` ಕೂಡ ಈಗಿನದ್ದು ಮಾತ್ರ ಇರತ್ತೆ, ಹಳೇ ತಿಂಗಳನ್ನ ಮತ್ತೆ ತೆಗೆದ್ರೆ ಟೀಮ್ ಬದಲಾದವ್ರು ಹೊಸ ಟೀಮಲ್ಲಿ ಕಾಣ್ತಾರೆ, ಅದಕ್ಕೆ ಪ್ರತಿ ತಿಂಗಳ ಎಣಿಕೆ ಆಗ್ಲೇ ಸೇವ್ ಮಾಡಿಟ್ಬಿಡಿ.

ರಾಜಾಜಿನಗರ ಎಕ್ಸೆಲ್: ಮೇಡಂ ಒಂದ್ನಿಮಿಷ, ಎಕ್ಸೆಲ್‌ನಲ್ಲಿ ಕಳಿಸ್ತೀನಿ ಅಂದ್ರಲ್ಲ, ಪಿವಟ್ ಟೇಬಲ್ಲಾ?

ಮಾರತ್ತಳ್ಳಿ ಎಚ್‌ಆರ್: ಹೂಂ ಪಿವಟ್ಟೇ. ಡೇಟಾ ಶೀಟ್ ಡಿಲೀಟ್ ಮಾಡೇ ಕಳಿಸೋದು.

ರಾಜಾಜಿನಗರ ಎಕ್ಸೆಲ್: ಡಿಲೀಟ್ ಮಾಡಿದ್ರೂ ಡೇಟಾದ ಒಂದು ಕಾಪಿ ಪಿವಟ್ ಒಳಗೇ ಕೂತಿರತ್ತೆ ರೀ. ಟೆಸ್ಟಿಂಗ್ ಪಕ್ಕದ 5 ಅನ್ನೋ ನಂಬರ್ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡಿ, ಹೊಸ ಶೀಟ್ ತೆಗ್ದು ಐದೂ ಜನರ ಹೆಸ್ರು, ಸಂಬಳ ಸಾಲಾಗಿ ಬಂದು ನಿಲ್ಲತ್ತೆ. ಇನ್ಮೇಲೆ ಕಾಪಿ ಮಾಡಿ ಹೊಸ ಫೈಲಲ್ಲಿ `Paste Values` ಮಾಡಿ, ಆ ಫೈಲ್ ಮಾತ್ರ ಕಳ್ಸಿ.

ಮಾರತ್ತಳ್ಳಿ ಎಚ್‌ಆರ್: ಈಗ ಮಾಡಿ ನೋಡ್ದೆ. ಬಂತು. ಎಲ್ಲಾ ಬಂತು.

ಪೇರೋಲ್ ಮೇಷ್ಟ್ರು: ಇದು ನಂಗೆ ಹೊಳೀಲೇ ಇಲ್ಲ, ಚೆನ್ನಾಗಿ ಹಿಡಿದ್ರಿ ರಾಜಾಜಿನಗರ. ಹಾಗಾದ್ರೆ ಕ್ಯಾಂಟೀನಿಗೆ ಹೋಗಿದ್ದು ಕಳೆಯೋ ಲೆಕ್ಕದಿಂದಾನೋ ಡಬಲ್ ಕ್ಲಿಕ್ಕಿಂದಾನೋ ಹೇಳಕ್ಕಾಗಲ್ಲ. ಎಲ್ರ ಸಂಬಳನೂ ಹೊರಗಿದೆ ಅಂತ್ಲೇ ತಿಳ್ಕೊಂಡು ಮೊದ್ಲು ನಿಮ್ಮ ಮೇಲಿನವ್ರಿಗೆ ಲಿಖಿತವಾಗಿ ಹೇಳಿ, ಐಟಿಯವ್ರ ಹತ್ರ ಹಳೇ ಮೇಲ್‌ಗಳನ್ನ ವಾಪಸ್ ತೆಗೆಸಕ್ಕೆ ಆಗತ್ತಾ ಕೇಳಿ. ಆಮೇಲೆ ಬಿಟ್ಟು ಹೋದ ಕಾರಣದ ಕಾಲಮ್ ಏನಾದ್ರೂ ಇದ್ರೆ ಅದನ್ನೂ ನೋಡಿ, ಐದು ಜನರ ಟೀಮಲ್ಲಿ "ಆರೋಗ್ಯ" ಅಂತ ಬರೆದ್ರೆ ಅದು ಯಾರು ಅಂತ ಎಲ್ರಿಗೂ ಗೊತ್ತು.

ಕೋರಮಂಗಲ ಫೈನಾನ್ಸ್: ಎಲ್ಲಾ ಸರಿ, ಆದ್ರೆ ತಿಂಗಳ ಸಂಬಳದ ಮೊತ್ತ ಟೀಮ್ ವಾರು ಇಲ್ದೇ ನಾನು ಬಜೆಟ್ ಹೇಗೆ ನೋಡ್ಲಿ? ಮೂರು ತಿಂಗ್ಳು ಕಾಯಕ್ಕಾಗಲ್ಲ.

ಪೇರೋಲ್ ಮೇಷ್ಟ್ರು: ನಿಮಗೆ ಬೇರೆ ರಿಪೋರ್ಟ್, ಬೇರೆ ಫೋಲ್ಡರ್, ಇಂತಿಂಥವ್ರಿಗೆ ಮಾತ್ರ ಅಂತ. ಎಲ್ಲಾ ಮ್ಯಾನೇಜರ್‌ಗಳ ಮೇಲ್‌ನಲ್ಲಿ ಯಾಕೆ?

ಕೋರಮಂಗಲ ಫೈನಾನ್ಸ್: ಅವ್ರವ್ರ ಟೀಮಿನ ಸಂಬಳ ಮ್ಯಾನೇಜರ್‌ಗೆ ಹೇಗೂ ಗೊತ್ತಿರತ್ತಲ್ಲ, ಅವ್ರ ಸಾಲು ಅವ್ರಿಗೆ ಕೊಟ್ರೆ ಏನು ತಪ್ಪು?

ಮಾರತ್ತಳ್ಳಿ ಎಚ್‌ಆರ್: ನಮ್ಮಲ್ಲಿ ಟೀಮ್ ಲೀಡ್‌ಗಳಿಗೆ ಗೊತ್ತಿಲ್ಲ ಸರ್, ಡೈರೆಕ್ಟರ್‌ಗಳಿಗೆ ಮಾತ್ರ. ಮೇಲ್ ಲಿಸ್ಟಲ್ಲಿ ಲೀಡ್‌ಗಳೂ ಇದ್ದಾರೆ. ಯಾರ್ಯಾರಿದ್ದಾರೆ ಅಂತ ಈಗ್ಲೇ ತೆಗ್ದು ನೋಡ್ತೀನಿ.